ಉಸಿರು ಸೋಲುವಾಗ ಎಬಿಜಿ ವರದಿ ಹೇಳುವುದೇನು

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದ್ದ ಬ್ಲೆಗ್ಡಾಮ್ ಆಸ್ಪತ್ರೆ ಪೋಲಿಯೊ ರೋಗಿಗಳಿಂದ ತುಂಬಿಹೋಗಿತ್ತು. ಉಸಿರಾಟದ ಸ್ನಾಯುಗಳು ಸೋತವರ ರಕ್ತದಲ್ಲಿ ಬೈಕಾರ್ಬನೇಟ್ ಏರಿತ್ತು. ರಕ್ತ ಕ್ಷಾರದ ಕಡೆಗೆ ವಾಲಿದೆ ಎಂದೇ ವೈದ್ಯರು ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ಉಸಿರಿನ ಮೂಲಕ ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ರಕ್ತ ಆಮ್ಲವಾಗುತ್ತಿದೆ, ಬೈಕಾರ್ಬನೇಟ್ ಏರಿರುವುದು ಅದರ ಪರಿಣಾಮ ಎಂದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಆಕೆ ಬದುಕಿದಳು. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ನೂರಾರು ರೋಗಿಗಳಿಗೆ ಹಗಲು ರಾತ್ರಿ ಚೀಲ ಒತ್ತಿದರು.

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಬಿಜಿ, ಅಂದರೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆಯನ್ನು ಕ್ರಮವಾಗಿ ಓದಲು ಕಲಿಸುವುದು ಇದೇ ಕಾರಣಕ್ಕೆ. ಒಂದು ಅಂಕಿಯನ್ನಷ್ಟೇ ಹಿಡಿದರೆ ರೋಗ ತಲೆಕೆಳಗಾಗಿ ಕಾಣುತ್ತದೆ.

ಪಾಠಕ್ಕೆಂದು ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಟೈಪ್ 1 ಮಧುಮೇಹದ ಯುವತಿ ಇನ್ಸುಲಿನ್ ಬಿಟ್ಟಿದ್ದಾಳೆ. ಏದುಸಿರು ಬಿಡುತ್ತ ತೀವ್ರ ನಿಗಾ ಘಟಕಕ್ಕೆ ಬಂದಿದ್ದಾಳೆ. ವರದಿಯಲ್ಲಿ ಪಿಎಚ್ 7.22, ಇಂಗಾಲದ ಡೈಆಕ್ಸೈಡಿನ ಒತ್ತಡ 20, ಬೈಕಾರ್ಬನೇಟ್ 8.

ಮೊದಲು ನೋಡಬೇಕಾದ್ದು ಪಿಎಚ್. ಅದು 7.35ರಿಂದ 7.45ರೊಳಗೆ ಇರಬೇಕು, ಇಲ್ಲಿ ಕೆಳಗಿದೆ, ಅಂದರೆ ಅಸಿಡೋಸಿಸ್. ಇದಕ್ಕೆ ಹೊಣೆ ಯಾರು ಎಂಬುದು ಮುಂದಿನ ಪ್ರಶ್ನೆ. ಇಂಗಾಲದ ಡೈಆಕ್ಸೈಡ್ ಶ್ವಾಸಕೋಶದ ಲೆಕ್ಕ, ಸಾಮಾನ್ಯವಾಗಿ 35ರಿಂದ 45. ಅದು ಏರಿದ್ದರೆ ರಕ್ತ ಆಮ್ಲವಾಗುತ್ತದೆ. ಇವಳಲ್ಲಿ ಇಳಿದಿದೆ, ಹಾಗಾಗಿ ದೋಷ ಅದರದ್ದಲ್ಲ. ಬೈಕಾರ್ಬನೇಟ್ 22ರಿಂದ 26 ಇರಬೇಕಾದಲ್ಲಿ 8 ಇದೆ. ಆಮ್ಲವನ್ನು ತಣಿಸುವ ದಾಸ್ತಾನು ಕರಗಿಹೋಗಿದೆ. ಇದು ಮೆಟಬಾಲಿಕ್ ಅಸಿಡೋಸಿಸ್.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ವಿಷಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ.

ರಕ್ತ ಆಮ್ಲವಾದ ಕೂಡಲೇ ಶ್ವಾಸಕೋಶ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ 1967ರಿಂದ ಒಂದು ಸೂತ್ರವಿದೆ. ಆ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ವಿಂಟರ್ಸ್ ಅವರ ಹೆಸರಲ್ಲೇ ಅದು ಬಳಕೆಯಲ್ಲಿದೆ. ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ ಎಂಟು ಕೂಡಿಸಬೇಕು. ಎರಡು ಅಂಕಿ ಹೆಚ್ಚು ಕಡಿಮೆ ಆಗಬಹುದು. ಇವಳಿಗೆ ಹನ್ನೆರಡಕ್ಕೆ ಎಂಟು ಸೇರಿ 20. ವರದಿಯಲ್ಲೂ 20 ಇದೆ. ಉಸಿರು ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡುತ್ತಿದೆ.

ಆಮ್ಲ ಎಲ್ಲಿಂದ ಬಂತು ಎಂಬುದನ್ನು ಅನಯಾನ್ ಗ್ಯಾಪ್ ತೋರಿಸುತ್ತದೆ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟನ್ನು ಕಳೆದರೆ ಸುಮಾರು 12 ಉಳಿಯಬೇಕು. ಇವಳ ಸೋಡಿಯಂ 132, ಕ್ಲೋರೈಡ್ 98, ಉಳಿದದ್ದು 26. ಲೆಕ್ಕಕ್ಕೆ ಸಿಗದ ಆಮ್ಲ ರಕ್ತದಲ್ಲಿ ಸೇರಿಕೊಂಡಿದೆ, ಇವಳ ವಿಷಯದಲ್ಲಿ ಕೀಟೋನುಗಳು. ಭೇದಿಯಿಂದ ಬೈಕಾರ್ಬನೇಟ್ ಸೋರಿಹೋಗಿದ್ದರೆ ಕ್ಲೋರೈಡ್ ಏರಿ ಈ ಅಂತರ ಹಿಗ್ಗುತ್ತಿರಲಿಲ್ಲ. ಒಂದು ಎಚ್ಚರ: ಆಲ್ಬುಮಿನ್ ಒಂದು ಗ್ರಾಂ ಇಳಿದರೆ ಈ ಅಂತರವೂ ಸುಮಾರು ಎರಡೂವರೆ ಇಳಿಯುತ್ತದೆ. ಹಾಗಾಗಿ ಬಹಳ ದಿನ ಹಾಸಿಗೆ ಹಿಡಿದು ಸೊರಗಿದವರಲ್ಲಿ ಸೇರಿಕೊಂಡ ಆಮ್ಲ ಮರೆಯಾಗಿ ಉಳಿಯಬಹುದು.

ಕೆಲವು ಗಂಟೆಗಳ ನಂತರ ಎರಡನೇ ವರದಿ ಬರುತ್ತದೆ. ಬೈಕಾರ್ಬನೇಟ್ ಅದೇ 8, ಇಂಗಾಲದ ಡೈಆಕ್ಸೈಡ್ 30. ಇಪ್ಪತ್ತರಿಂದ ಮೂವತ್ತಕ್ಕೆ ಬಂದಿದೆ, ಸಾಮಾನ್ಯ ಮಟ್ಟಕ್ಕೆ ಹತ್ತಿರವಾಗುತ್ತಿದೆ ಎಂದು ಸಮಾಧಾನಪಟ್ಟರೆ ಅನಾಹುತ. ಸೂತ್ರದ ಪ್ರಕಾರ 22 ದಾಟಬಾರದು. ಪಿಎಚ್ ಆಗಲೇ 7.05ಕ್ಕೆ ಕುಸಿದಿದೆ. ಮೊದಲ ಅಸಿಡೋಸಿಸ್ ಜೊತೆಗೆ ಈಗ ಉಸಿರಾಟದ ಅಸಿಡೋಸಿಸ್ ಕೂಡ ಸೇರಿದೆ, ಸ್ನಾಯುಗಳು ದಣಿದಿವೆ. ಹಾಸಿಗೆಯ ಪಕ್ಕದಲ್ಲಿರುವ ನರ್ಸ್‌ಗೆ ಇದು ಕಣ್ಣಿಗೂ ಕಾಣುತ್ತದೆ: ಏದುಸಿರು ತಗ್ಗಿದೆ, ಆದರೆ ಹುಡುಗಿ ಮಂಪರಾಗಿದ್ದಾಳೆ, ಕರೆದರೆ ತಡವಾಗಿ ಓಗೊಡುತ್ತಾಳೆ. ವೈದ್ಯರನ್ನು ಕೂಡಲೇ ಕರೆಯಬೇಕಾದ ಗಳಿಗೆ ಇದು.

ವೆಂಟಿಲೇಟರ್ ಹಾಕಬೇಕಾಗಿ ಬಂದರೂ ಈ ಲೆಕ್ಕ ಮುಗಿಯುವುದಿಲ್ಲ. ಎಲ್ಲರಿಗೂ ಇಡುವ ನಿಧಾನ ವೇಗವನ್ನೇ ಇವಳಿಗೂ ಇಟ್ಟು ಇಂಗಾಲದ ಡೈಆಕ್ಸೈಡ್ 40ಕ್ಕೆ ಏರಿದರೆ, ಬೈಕಾರ್ಬನೇಟ್ 8 ಇರುವಷ್ಟು ಹೊತ್ತೂ ಪಿಎಚ್ 6.9ರ ಆಸುಪಾಸಿಗೆ ಬೀಳುತ್ತದೆ. ಹೃದಯ ನಿಲ್ಲುವ ಭಯವಿರುವ ಮಟ್ಟ ಅದು. ಆದ್ದರಿಂದ ಯಂತ್ರವೂ ಅವಳು ತಾನಾಗಿ ಉಸಿರಾಡುತ್ತಿದ್ದಷ್ಟೇ ಬಿರುಸಿನಿಂದ ಓಡಬೇಕು, ಇನ್ಸುಲಿನ್ ಕೆಲಸ ಮಾಡಿ ಬೈಕಾರ್ಬನೇಟ್ ಮೇಲೇರುವವರೆಗೆ.