ಕೊಡುವ ಸಂಬಳ, ಕೈಗೆ ಬರುವ ಸಂಬಳ

ಮಾಲೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ನಮ್ಮಣ್ಣನ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಒಂದು ದಿನ ಲೆಕ್ಕಹಾಕಿದೆನು. ಸಂಬಳ 15,000 ರೂಪಾಯಿ. ಭವಿಷ್ಯನಿಧಿಗೆ ಶೇಕಡ 12ರಂತೆ 1,800, ಇ.ಎಸ್.ಐ. ವಿಮೆಗೆ 113 ಕಳೆದು ಅವನ ಕೈಗೆ ಬರುವುದು 13,087. ಮಾಲೀಕರಾದರೋ ಸಂಬಳವಲ್ಲದೆ ಭವಿಷ್ಯನಿಧಿಗೂ ಅದರ ಜೊತೆಯ ಜೀವವಿಮೆ, ಆಡಳಿತವೆಚ್ಚಗಳಿಗೂ ಸೇರಿ 1,950, ಇ.ಎಸ್.ಐ.ಗೆ 488 ಕಟ್ಟುತ್ತಾರೆ. ಅವರಿಗೆ ತಗಲುವುದು 17,438. ನಡುವೆ ನಿಂತ 4,351 ರೂಪಾಯಿ, ಎಂದರೆ ಸುಮಾರು ಕಾಲುಭಾಗ, ಅರ್ಥಶಾಸ್ತ್ರದಲ್ಲಿ ‘ತೆರಿಗೆಯ ಬೆಣೆ’ ಎನಿಸುತ್ತದೆ.

ಬೆಣೆಯೆಂದ ಮಾತ್ರಕ್ಕೆ ಇದೆಲ್ಲ ನಷ್ಟವಲ್ಲ. ನಿಧಿಯ ಹಣ ಬಡ್ಡಿಯೊಡನೆ ಅಣ್ಣನಿಗೇ ಬರತಕ್ಕದ್ದು. ಅದನ್ನು ತನ್ನದೆಂದೇ ಎಣಿಸುವವನು ಕೈಸಂಬಳ ಕೊಂಚ ಕಡಿಮೆಯಾದರೂ ಒಪ್ಪಿಯಾನು. ಆಗ ಮಾಲೀಕರಿಗೂ ಭಾರ ತಗ್ಗುತ್ತದೆ. ಆದರೆ ಮಾಲೀಕರ ಪಾಲಿನಲ್ಲಿ ಸಂಬಳದ ಶೇಕಡ 8.33 ಪಿಂಚಣಿಗೆ ಹೋಗುತ್ತದೆ, ಮಾಸಿಕ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಈ ತಿಂಗಳ ಬಾಡಿಗೆಯ ಚಿಂತೆಯಲ್ಲಿರುವ ಹುಡುಗನಿಗೆ ಅದು ದೂರದ ಮಾತು!

ಕೆಲಸಕ್ಕೆ ಸೇರಿಸಿಕೊಳ್ಳುವಲ್ಲಿ ನಿಜವಾದ ತೊಡಕಿರುವುದು 20 ಎಂಬ ಸಂಖ್ಯೆಯಲ್ಲಿ ಎಂದು ನನಗೆ ತೋರುತ್ತದೆ. ಭವಿಷ್ಯನಿಧಿಯ ಕಟ್ಟುಪಾಡು 20 ಜನರಾದೊಡನೆ ಅನ್ವಯಿಸುತ್ತದೆ, ಅದೂ ಹೊಸಬನೊಬ್ಬನಿಗಲ್ಲ, ಇಪ್ಪತ್ತು ಮಂದಿಗೂ. ಇದೇ ಸಂಬಳದ 19 ಜನರಿರುವ ಸಣ್ಣ ಕಾರ್ಖಾನೆ ಇನ್ನೊಬ್ಬನನ್ನು ಸೇರಿಸಿಕೊಂಡರೆ, ಅವನ 15,000ದ ಮೇಲೆ ತಿಂಗಳಿಗೆ 39,000 ರೂಪಾಯಿಯ ಹೊಸ ಹೊರೆ ಬೀಳುತ್ತದೆ. ಮಾಲೀಕರು ಹತ್ತೊಂಬತ್ತಕ್ಕೇ ನಿಲ್ಲಿಸುವುದು ಇದರಿಂದಲೇ. ಗುತ್ತಿಗೆದಾರನ ಮೂಲಕ ಆಳು ತರಿಸಿಕೊಂಡರೂ ಪ್ರಯೋಜನವಿಲ್ಲ. ಅವರೂ ಎಣಿಕೆಗೆ ಸೇರುತ್ತಾರೆ.