ಮಲ್ಲಿಗೆ ಎಷ್ಟು ಅರಳಿತ್ತು?

ಬೆಳಗ್ಗೆ ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ ದಂಡೆ ಇನ್ನೂ ಮೊಗ್ಗು ಮೊಗ್ಗಾಗಿರುತ್ತದೆ. ಸೆಟ್ಟಿನ ಲೈಟುಗಳ ಬಿಸಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಅರಳಿ, ಸಂಜೆಯೊಳಗೆ ಅಂಚು ಕಂದುತ್ತದೆ. ತೆರೆಯ ಮೇಲೆ ಎರಡೇ ನಿಮಿಷ ನಡೆಯುವ ಮಾತುಕತೆಯನ್ನು ತೆಗೆಯಲು ಇಡೀ ದಿನ ಹಿಡಿಯುವುದುಂಟು. ನಾಯಕಿಯ ಮುಡಿಯಲ್ಲಿ ಅದೇ ದಂಡೆ ಬಿಟ್ಟರೆ, ಆಕೆ ‘ಕಾಫಿ ಕೊಡ್ಲಾ?’ ಅನ್ನುವಾಗ ಮೊಗ್ಗು. ಆತ ‘ಬೇಡ’ ಅಂದು, ಕ್ಯಾಮೆರಾ ಮತ್ತೆ ಅವಳ ಮುಖಕ್ಕೆ ಬರುವಷ್ಟರಲ್ಲಿ ಬಾಡಿದ ಹೂ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕೈದು ದಂಡೆಗಳು ಮೇಕಪ್ ಕೋಣೆಯಲ್ಲಿ ಕಾದಿರುತ್ತವೆ. ಯಾವಾಗ ಬದಲಿಸಬೇಕು, ಎಷ್ಟು ಅರಳಿದ್ದನ್ನು ಮುಡಿಸಬೇಕು ಎಂದು ಹೇಳುವುದು ಒಂದು ಕಾಗದ: ಕಂಟಿನ್ಯುಟಿ ಶೀಟ್.

ಹಾಲಿವುಡ್ಡಿನಲ್ಲಿ ಇದಕ್ಕೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ. ನಮ್ಮ ಹೆಚ್ಚಿನ ಸೆಟ್ಟುಗಳಲ್ಲಿ ಇದು ಸಹಾಯಕ ನಿರ್ದೇಶಕರಲ್ಲಿ ಒಬ್ಬರ ಪಾಲಿಗೆ ಬರುತ್ತದೆ, ಸಾಮಾನ್ಯವಾಗಿ ಹೊಸದಾಗಿ ಸೇರಿದವರ ಪಾಲಿಗೆ. ಎರಡು ಸಿನಿಮಾಗಳಲ್ಲಿ ನಾನೂ ಆ ರಟ್ಟು ಹಿಡಿದು ನಿಂತವನು. ಹೊಸಬರಿಗೆ ಕೊಡುವ ಕೆಲಸವೇ ಅಲ್ಲ ಇದು ಎಂದು ಆಗಲೇ ಗೊತ್ತಾಗಿತ್ತು.

ಸಿನಿಮಾವನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದು ಅಪರೂಪ. ಬಾಡಿಗೆಗೆ ಸಿಕ್ಕ ಮನೆಯಲ್ಲಿ ನಡೆಯುವ ಸೀನುಗಳೆಲ್ಲ ಒಟ್ಟಿಗೆ ಮುಗಿಯಬೇಕು. ಹಿರಿಯ ನಟರ ಡೇಟ್ಸ್ ಸಿಕ್ಕ ವಾರದಲ್ಲಿ ಅವರ ಸೀನುಗಳೆಲ್ಲ ಮುಗಿಯಬೇಕು. ಹೀಗಾಗಿ ಬೆಳಗ್ಗೆ ತಾಯಿಯ ಸಾವು, ಮಧ್ಯಾಹ್ನ ಅದೇ ತಾಯಿ ಮಗನಿಗೆ ಬಡಿಸುವ ಊಟ. ಆದ್ದರಿಂದ ಶೀಟಿನಲ್ಲಿ ಸೀನ್ ನಂಬರಿನ ಪಕ್ಕದಲ್ಲೇ ಬರೆಯುವುದು ಶೂಟಿಂಗಿನ ತಾರೀಖಲ್ಲ, ಕಥೆಯ ದಿನ. ಕಥೆಯ ಮೂರನೇ ದಿನ ಹಣೆಗೆ ಪೆಟ್ಟಾದರೆ ನಾಲ್ಕನೇ ದಿನ ಬ್ಯಾಂಡೇಜು, ಒಂಬತ್ತನೇ ದಿನ ಬರೀ ಕಲೆ. ಈ ಲೆಕ್ಕವನ್ನು ಶೂಟಿಂಗ್ ಶುರುವಾಗುವ ಮೊದಲೇ ಸ್ಕ್ರಿಪ್ಟ್ ಓದಿ ಹಾಕಿಟ್ಟಿರಬೇಕು. ಮೇಕಪ್‌ನವರು ಬಂದು ‘ಇವತ್ತು ಗಾಯ ಎಷ್ಟು ಹಳೇದು?’ ಅಂತ ಕೇಳಿದಾಗ ಪುಟ ತಿರುವುತ್ತಾ ಕೂತರೆ ಕೆಲಸ ನಿಂತಿತು ಎಂದೇ ಅರ್ಥ.

ಒಂದು ಬಾಗಿಲನ್ನು ತೆಗೆದುಕೊಳ್ಳೋಣ. ಸೀನ್ 14ರಲ್ಲಿ ನಾಯಕ ಅಪ್ಪನೊಡನೆ ಜಗಳವಾಡಿ ಮನೆಯಿಂದ ಹೊರಡುತ್ತಾನೆ. ಸೀನ್ 15ರಲ್ಲಿ ಅದೇ ಕ್ಷಣ ಅಂಗಳಕ್ಕೆ ಕಾಲಿಡುತ್ತಾನೆ. ಒಳಮನೆ ಬೆಂಗಳೂರಿನಲ್ಲಿ ಹಾಕಿದ ಸೆಟ್ಟು. ಅಂಗಳ ಮಲೆನಾಡಿನ ಒಂದು ತೊಟ್ಟಿ ಮನೆಯದು. ನಡುವೆ ಹದಿನಾರು ದಿನ. ನೋಡುವವರಿಗೆ ಮಾತ್ರ ಅದು ಒಂದೇ ಹೆಜ್ಜೆ.

ಒಳಗಿನ ಶಾಟ್ ಓಕೆ ಆದ ಕೂಡಲೇ ಬರೆದುಕೊಳ್ಳಬೇಕಾದ್ದು ಇಷ್ಟು. ನೀಲಿ ಚೌಕುಳಿ ಶರ್ಟು, ಮೇಲಿನ ಗುಂಡಿ ಬಿಚ್ಚಿದೆ. ಬಲತೋಳು ಎರಡು ಮಡಿಕೆ, ಎಡತೋಳು ಜಾರಿ ಒಂದೇ ಮಡಿಕೆ. ಬ್ಯಾಗು ಎಡ ಹೆಗಲಲ್ಲಿ, ಜಿಪ್ಪು ಅರ್ಧ ತೆರೆದಿದೆ. ಚಿಲಕ ತೆಗೆದದ್ದು ಬಲಗೈ, ಬಾಗಿಲು ಎಳೆದದ್ದೂ ಬಲಗೈ, ಹೊಸ್ತಿಲು ದಾಟಿದ್ದು ಎಡಗಾಲು. ನಡೆದದ್ದು ಫ್ರೇಮಿನ ಎಡದಿಂದ ಬಲಕ್ಕೆ. ಈ ಕೊನೆಯ ಸಾಲನ್ನು ಹೊಸಬರು ಮರೆಯುತ್ತಾರೆ. ಅಂಗಳದಲ್ಲಿ ಕ್ಯಾಮೆರಾವನ್ನು ಆಚೆ ಬದಿಗಿಟ್ಟು ಅವನು ಬಲದಿಂದ ಎಡಕ್ಕೆ ನಡೆದರೆ, ಬಟ್ಟೆಬರೆ ಎಲ್ಲ ಸರಿಯಿದ್ದರೂ ಮನೆ ಬಿಟ್ಟವನು ಮನೆಗೇ ವಾಪಸು ಹೋಗುತ್ತಿರುವಂತೆ ಕಾಣುತ್ತದೆ.

ಇಷ್ಟೆಲ್ಲ ಬರೆಯುವುದೇಕೆ, ಮೊಬೈಲಿನಲ್ಲಿ ಫೋಟೋ ಹೊಡೆದರಾಯಿತಲ್ಲ? ಹೊಡೆಯುತ್ತಾರೆ, ಹೊಡೆಯಲೇಬೇಕು. ತೋಳಿನ ಮಡಿಕೆ, ಕುಂಕುಮದ ಗಾತ್ರ, ಮೇಜಿನ ಮೇಲೆ ಪೇಪರು ಮಡಚಿದ ರೀತಿ ಇವೆಲ್ಲ ಫೋಟೋದಲ್ಲಿ ಸಿಗುತ್ತವೆ. ಆದರೆ ಯಾವ ಮಾತಿಗೆ ಯಾವ ಕೈ ಎದ್ದಿತು ಎಂಬುದು ಸಿಗುವುದಿಲ್ಲ. ಸೀನನ್ನು ಮೊದಲು ದೂರದಿಂದ ಇಡಿಯಾಗಿ ತೆಗೆದು, ಆಮೇಲೆ ಒಬ್ಬೊಬ್ಬರ ಕ್ಲೋಸಪ್ಪಿಗೆ ಹೋಗುವುದು ಸಾಮಾನ್ಯ ಪದ್ಧತಿ. ದೂರದ ಶಾಟಿನಲ್ಲಿ ಅಪ್ಪ ‘ಈ ಮನೆ’ ಅಂದು ಲೋಟ ಎತ್ತಿ, ‘ನಿಂದಲ್ಲ’ ಅಂದು ಕೆಳಗಿಟ್ಟಿದ್ದರೆ ಕ್ಲೋಸಪ್ಪಿನಲ್ಲೂ ಹಾಗೇ ಆಗಬೇಕು. ಇಲ್ಲದಿದ್ದರೆ ಸಂಕಲನಕಾರ ಎರಡನ್ನೂ ಜೋಡಿಸುವಾಗ ಲೋಟ ತಾನಾಗಿ ಹಾರಿ ಮೇಜಿಗೆ ಬಂದಂತಿರುತ್ತದೆ. ಅದಕ್ಕೆ ಸಂಭಾಷಣೆಯ ಸಾಲಿನ ಮೇಲೆಯೇ ಪೆನ್ಸಿಲಿನಲ್ಲಿ ಗುರುತು: ‘ಮನೆ’ ಪದದ ಮೇಲೊಂದು ಏರು ಬಾಣ, ‘ಅಲ್ಲ’ದ ಮೇಲೊಂದು ಇಳಿ ಬಾಣ, ಪಕ್ಕದಲ್ಲಿ ‘ಬಲಗೈ, ಕಾಫಿ ಮುಕ್ಕಾಲು’. ಪೆನ್ಸಿಲ್ಲೇ ಯಾಕೆಂದರೆ, ನಟ ಮುಂದಿನ ಟೇಕಿನಲ್ಲಿ ಬೇರೆ ಏನೋ ಮಾಡುತ್ತಾರೆ, ನಿರ್ದೇಶಕರು ಅದನ್ನೇ ಓಕೆ ಅನ್ನುತ್ತಾರೆ.

ಫೋಟೋವನ್ನು ಕಣ್ಣುಮುಚ್ಚಿ ನಂಬಿದ್ದಕ್ಕೆ ನಾನು ದಂಡ ತೆತ್ತಿದ್ದೇನೆ. ಒಮ್ಮೆ ಪ್ಯಾಕಪ್ ಗಡಿಬಿಡಿಯಲ್ಲಿ ನಟನ ಕೈಯ ಬ್ಯಾಂಡೇಜಿನ ಫೋಟೋ ತೆಗೆಯಲು ಮರೆತೆ. ಅವರೇ ಕಾರಿನಲ್ಲಿ ಕೂತು ಸೆಲ್ಫಿ ತೆಗೆದು ಕಳಿಸಿದರು. ಎರಡು ವಾರ ಬಿಟ್ಟು ಆ ಫೋಟೋ ನೋಡಿ ಬಲಗೈಗೆ ಬ್ಯಾಂಡೇಜು ಕಟ್ಟಿಸಿದೆವು. ಅರ್ಧ ದಿನದ ಕೆಲಸ ಮುಗಿದ ಮೇಲೆ ಮೇಕಪ್‌ನ ಹಿರಿಯರೊಬ್ಬರು ಫೋಟೋವನ್ನು ದಿಟ್ಟಿಸಿ, ‘ಏನಪ್ಪಾ, ಇವರ ಶರ್ಟಿಗೆ ಜೇಬು ಬಲಗಡೆ ಇದೆಯಲ್ಲ?’ ಅಂದರು. ಕೆಲವು ಫೋನುಗಳ ಮುಂದಿನ ಕ್ಯಾಮೆರಾ ಕನ್ನಡಿಯಂತೆ ಎಡಬಲ ತಿರುಗಿಸಿಯೇ ಉಳಿಸಿಕೊಳ್ಳುತ್ತದೆ. ಪೆಟ್ಟಾದದ್ದು ಎಡಗೈಗೆ. ಅಂದಿನಿಂದ ಯಾವ ಫೋಟೋ ಕೈಗೆ ಬಂದರೂ ಮೊದಲು ಜೇಬು ನೋಡುತ್ತೇನೆ, ಇಲ್ಲವೇ ಹಿಂದಿನ ಗೋಡೆಯಲ್ಲಿ ಅಕ್ಷರಗಳಿವೆಯೇ ಎಂದು ಹುಡುಕುತ್ತೇನೆ. ಶೀಟಿನಲ್ಲಿ ‘ಎಡಗೈ’ ಎಂಬ ಮೂರಕ್ಷರ ಬರೆದಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು.

ಹಾಗೆಂದು ಕಂಟಿನ್ಯುಟಿಯೇ ಕೊನೆಯ ಮಾತಲ್ಲ. 1990ರ ‘ಪ್ರೆಟಿ ವುಮನ್’ ಚಿತ್ರದಲ್ಲಿ ಜೂಲಿಯಾ ರಾಬರ್ಟ್ಸ್ ತಿಂಡಿ ತಿನ್ನುವ ದೃಶ್ಯವಿದೆ. ಕೈಯಲ್ಲಿದ್ದ ಕ್ರೋಸಾಂಟ್ ಮುಂದಿನ ಶಾಟಿನಲ್ಲಿ ಪ್ಯಾನ್‌ಕೇಕ್ ಆಗಿಬಿಡುತ್ತದೆ. ಚಿತ್ರ ಭರ್ಜರಿಯಾಗಿ ಓಡಿತು. ಖ್ಯಾತ ಸಂಕಲನಕಾರ ವಾಲ್ಟರ್ ಮರ್ಚ್, ಎಲ್ಲಿ ಕತ್ತರಿಸಬೇಕು ಎನ್ನುವುದಕ್ಕೆ ಆರು ಕಾರಣಗಳನ್ನು ಪಟ್ಟಿ ಮಾಡಿ ಅಂಕ ಕೊಟ್ಟಿದ್ದಾರೆ. ಭಾವಕ್ಕೆ ನೂರಕ್ಕೆ 51. ಯಾರು ಎಲ್ಲಿ ನಿಂತಿದ್ದಾರೆ ಎಂಬ ಜಾಗದ ಹೊಂದಿಕೆಗೆ ಬರೀ 4. ಶೀಟು ಹಿಡಿದವರಿಗೆ ಬೇಜಾರಾಗುವ ಲೆಕ್ಕ, ಆದರೆ ನಿಜ. ಅತ್ಯುತ್ತಮ ಟೇಕಿನಲ್ಲಿ ಲೋಟ ತಪ್ಪು ಕೈಯಲ್ಲಿದ್ದರೆ ಸಂಕಲನಕಾರರು ಆ ಟೇಕನ್ನೇ ಇಟ್ಟುಕೊಳ್ಳುತ್ತಾರೆ. ಯಾವ ಟೇಕಿನಲ್ಲಿ ಏನು ತಪ್ಪಿದೆ ಎಂದು ಅವರಿಗೆ ಮೊದಲೇ ತಿಳಿಸುವುದಷ್ಟೇ ನಮ್ಮ ಕೆಲಸ.

ಶೀಟಿಗೆ ಸಿಗದವೂ ಇವೆ. ಸತ್ಯಜಿತ್ ರಾಯ್ 1952ರಲ್ಲಿ ‘ಪಥೇರ್ ಪಾಂಚಾಲಿ’ ಶುರುಮಾಡಿದ್ದೇ ಕಾಶ ಹೂವಿನ ಬಯಲಿನಲ್ಲಿ, ಮಕ್ಕಳು ರೈಲು ನೋಡುವ ದೃಶ್ಯದಿಂದ. ಅರ್ಧ ತೆಗೆದು ವಾರ ಬಿಟ್ಟು ಹೋದರೆ ದನಗಳು ಹೂವನ್ನೆಲ್ಲ ಮೇದಿದ್ದವು. ಮುಂದಿನ ವರ್ಷ ಹೂ ಬಿಡುವ ತನಕ ಕಾಯಬೇಕಾಯಿತು. ಆಮೇಲೆ ದುಡ್ಡು ಮುಗಿದು ಕೆಲಸ ತಿಂಗಳುಗಟ್ಟಲೆ ನಿಂತಾಗ, ಮಿಠಾಯಿ ಮಾರುವವನ ಹಿಂದೆ ಮಕ್ಕಳ ಜೊತೆ ಓಡಿದ್ದ ನಾಯಿ ಸತ್ತುಹೋಯಿತು. ಅದೇ ಬಣ್ಣದ ಇನ್ನೊಂದನ್ನು ಹುಡುಕಿ ತಂದರು. ಮಿಠಾಯಿಯವನ ಪಾತ್ರ ಮಾಡಿದ್ದವರೂ ತೀರಿಕೊಂಡರು. ಮೈಕಟ್ಟು ಹೊಂದುವವರೊಬ್ಬರು ಸಿಕ್ಕರು, ಮುಖ ಹೊಂದಲಿಲ್ಲ. ಬಿದಿರು ಮೆಳೆಯಿಂದ ನಡೆದು ಬರುವವರು ಮೊದಲಿನವರು. ಮುಂದಿನ ಶಾಟಿನಲ್ಲಿ ಶ್ರೀಮಂತರ ಮನೆಯ ಗೇಟು ದಾಟಿ ಒಳಗೆ ಹೋಗುವವರು ಇನ್ನೊಬ್ಬರು, ಕ್ಯಾಮೆರಾಕ್ಕೆ ಬೆನ್ನು ಮಾಡಿ.