ಹೊಸ ಡೊಮೈನ್‌ನ ಮೊದಲ ತಿಂಗಳು

ಹೊಸದಾಗಿ ಕೊಂಡ ಡೊಮೈನ್‌ನಿಂದ ಮೊದಲ ದಿನವೇ 8,000 ಗ್ರಾಹಕರಿಗೆ ಇಮೇಲ್ ಕಳಿಸಿದರೆ ಬಹುಪಾಲು ಸ್ಪ್ಯಾಮ್‌ಗೆ ಬೀಳಬಹುದು. ಜಿಮೇಲ್‌ಗೆ ಆ ಡೊಮೈನ್‌ನ ಪೂರ್ವಾಪರ ಗೊತ್ತಿಲ್ಲ; ದಿಢೀರನೆ ಇಮೇಲ್ ಸುರಿಸುವುದು ವಂಚಕರ ಚಾಳಿ.

ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಸರಿಪಡಿಸಿಕೊಂಡು, ಈಚೆಗೆ ಖರೀದಿ ಮಾಡಿದ 50 ಮಂದಿಯಿಂದ ಶುರುಮಾಡಿ. ಅವರು ತೆರೆದು ಓದುತ್ತಾರೆ, ಕೆಲವರು ಉತ್ತರವನ್ನೂ ಬರೆಯುತ್ತಾರೆ. ಡೊಮೈನ್‌ಗೆ ಒಳ್ಳೆಯ ಹೆಸರು ಬರುವುದು ಅದರಿಂದಲೇ. ನಾಲ್ಕು ದಿನಕ್ಕೊಮ್ಮೆ ದಿನದ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೂ ತಿಂಗಳೊಳಗೆ ಎಲ್ಲರನ್ನೂ ತಲುಪಬಹುದು. ನಡುವೆ ಸರ್ವರ್ ಲಾಗ್‌ನಲ್ಲಿ 421 ಎಂಬ ತಾತ್ಕಾಲಿಕ ನಿರಾಕರಣೆ ಹೆಚ್ಚಿದರೆ ಹಿಂದಿನ ಮಟ್ಟಕ್ಕೆ ಇಳಿಯಿರಿ.

ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ತೋರಿಸುವ ಸ್ಪ್ಯಾಮ್ ದೂರು ಶೇ. 0.1ಕ್ಕಿಂತ ಕೆಳಗಿರಲಿ, 0.3, ಅಂದರೆ ಸಾವಿರಕ್ಕೆ ಮೂರು, ಮುಟ್ಟಲೇಬಾರದು. ದುಡ್ಡು ಕೊಟ್ಟು ತಂದ ವಿಳಾಸಪಟ್ಟಿಗೆ ಎಷ್ಟೇ ನಿಧಾನವಾಗಿ ಕಳಿಸಿದರೂ ಈ ಮಿತಿಯೊಳಗೆ ಉಳಿಯುವುದು ಕಷ್ಟ.